ತಮ್ಮ ಕಣ್ಣಿನ ತಪಾಸಣೆಗೆ ಹೊಸ ಸಮಯ ಗೊತ್ತುಮಾಡುವ ಬಗ್ಗೆ

ದಿನಾಂಕ: 9 ಜುಲೈ 2026, ಗುರುವಾರ

ಮಾನ್ಯರೇ,

ನಮಸ್ಕಾರ. ಮೊನ್ನೆ ಮಂಗಳವಾರ, ಜುಲೈ 7ರಂದು ಬೆಳಿಗ್ಗೆ 10.30ಕ್ಕೆ ನಮ್ಮ ಕಣ್ಣಿನ ವಿಭಾಗದಲ್ಲಿ ತಮ್ಮ ವಾರ್ಷಿಕ ರೆಟಿನಾ ತಪಾಸಣೆಗೆ ಸಮಯ ನಿಗದಿಯಾಗಿತ್ತು. ಅಂದು ತಮ್ಮ ಭೇಟಿ ಆಗದೆ ಹೋದದ್ದರಿಂದ, ತಾವು ಕ್ಷೇಮವಾಗಿದ್ದೀರೆಂದು ನಂಬಿ, ತಮಗೆ ಅನುಕೂಲವಾಗುವ ಇನ್ನೊಂದು ದಿನವನ್ನು ಗೊತ್ತುಮಾಡುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಬರಲಾಗದ್ದಕ್ಕೆ ಕಾರಣ ತಿಳಿಸಬೇಕಾದ ಅಗತ್ಯವೇನೂ ಇಲ್ಲ. ಆ ಹೊತ್ತಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ ಇನ್ನೊಬ್ಬರನ್ನು ಡಾಕ್ಟರು ನೋಡಿದರು, ಹಾಗಾಗಿ ಯಾರ ಸಮಯವೂ ವ್ಯರ್ಥವಾಗಲಿಲ್ಲ. ತಾವು ಮುಂಗಡವಾಗಿ ಕಟ್ಟಿದ್ದ ನೋಂದಣಿ ಶುಲ್ಕ ತಮ್ಮ ಹೆಸರಿನಲ್ಲೇ ಜಮೆಯಾಗಿದ್ದು, ಹೊಸ ದಿನಕ್ಕೆ ಅದನ್ನು ಮತ್ತೆ ಕಟ್ಟಬೇಕಾಗಿಲ್ಲ.

ಸದ್ಯಕ್ಕೆ ಜುಲೈ 22, ಬುಧವಾರ ಬೆಳಿಗ್ಗೆ 9.30ರ ಸಮಯವನ್ನು ತಮಗಾಗಿ ಕಾದಿರಿಸಿದ್ದೇನೆ. ಕಳೆದ ವರ್ಷ ತಮ್ಮನ್ನು ನೋಡಿದ್ದ ಡಾಕ್ಟರೇ ಅಂದು ಇರುತ್ತಾರೆ ಎಂಬುದು ಈ ದಿನವನ್ನು ಆರಿಸಲು ಮುಖ್ಯ ಕಾರಣ. ಅದು ದಿನದ ಮೊದಲ ಸರದಿಯೂ ಆಗಿರುವುದರಿಂದ ಕಾಯುವ ಪ್ರಸಂಗ ಕಡಿಮೆ. ವಾರದ ನಡುವೆ ಬಿಡುವು ಮಾಡಿಕೊಳ್ಳುವುದು ಕಷ್ಟವೆನಿಸಿದರೆ ಜುಲೈ 25, ಶನಿವಾರ 11.15ಕ್ಕೆ ಒಂದು ಸ್ಥಾನವಿದೆ. ಬೆಳಗಿನ ಹೊತ್ತೇ ಒಗ್ಗದಿದ್ದರೆ ಜುಲೈ 27, ಸೋಮವಾರ ಸಂಜೆ 4 ಗಂಟೆಗೂ ಬರಬಹುದು. ಕಣ್ಣಿಗೆ ಹನಿ ಹಾಕಿಸಿಕೊಂಡ ಮೇಲೆ ಬಿಸಿಲಿನಲ್ಲಿ ಮನೆಗೆ ಮರಳುವುದು ಹಲವರಿಗೆ ಹಿಂಸೆಯಾಗುತ್ತದೆ. ಅಂಥವರು ಸಂಜೆಯ ಸಮಯವನ್ನೇ ಕೇಳಿ ಪಡೆಯುವುದನ್ನು ನಾನು ಕಂಡಿದ್ದೇನೆ, ಆದ್ದರಿಂದ ಅದನ್ನೂ ತಮ್ಮ ಮುಂದೆ ಇಟ್ಟಿದ್ದೇನೆ. ಈ ಮೂರೂ ಸ್ಥಾನಗಳನ್ನು ಜುಲೈ 17, ಶುಕ್ರವಾರ ಸಂಜೆಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ. ಇವುಗಳಲ್ಲಿ ಯಾವುದೂ ಹೊಂದದಿದ್ದರೆ ತಮಗೆ ಸರಿಹೋಗುವ ವಾರವನ್ನು ತಿಳಿಸಿದರೆ ಸಾಕು, ಅದಕ್ಕೆ ತಕ್ಕಂತೆ ಹುಡುಕಿ ಕೊಡುತ್ತೇನೆ.

ಈ ತಪಾಸಣೆಯನ್ನು ಮತ್ತೆ ಗೊತ್ತುಮಾಡಲು ನಾವು ಇಷ್ಟು ಆಸ್ಥೆ ತೋರುತ್ತಿರುವುದೇಕೆ ಎಂಬುದನ್ನೂ ಹೇಳಬೇಕು. ಕಳೆದ ವರ್ಷ ತೆಗೆದ ಚಿತ್ರಗಳಲ್ಲಿ ತಮ್ಮ ಎಡಗಣ್ಣಿನ ರೆಟಿನಾದ ಮೇಲೆ ಎರಡು ಸಣ್ಣ ಕೆಂಪು ಚುಕ್ಕೆಗಳು ಕಾಣಿಸಿದ್ದವು. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಬಹುಕಾಲ ಹೆಚ್ಚಾಗಿದ್ದಾಗ ರೆಟಿನಾದ ಅತಿ ಸೂಕ್ಷ್ಮ ರಕ್ತನಾಳಗಳ ಗೋಡೆ ಅಲ್ಲಲ್ಲಿ ದುರ್ಬಲಗೊಂಡು ಉಬ್ಬುತ್ತದೆ, ಆ ಉಬ್ಬುಗಳೇ ಚಿತ್ರದಲ್ಲಿ ಚುಕ್ಕೆಗಳಂತೆ ತೋರುತ್ತವೆ. ಅದು ತೀರಾ ಆರಂಭದ ಹಂತ. ಡಾಕ್ಟರು ಅಂದು ಯಾವ ಚಿಕಿತ್ಸೆಯನ್ನೂ ಸೂಚಿಸದೆ, ಒಂದು ವರ್ಷದ ನಂತರ ಮತ್ತೆ ಚಿತ್ರ ತೆಗೆದು ಹೋಲಿಸಿ ನೋಡೋಣ ಎಂದು ಕಡತದಲ್ಲಿ ಬರೆದಿದ್ದಾರೆ. ಅಂದರೆ ಈಗ ಎರಡು ವಾರ ಆಚೀಚೆಯಾದರೆ ಆತಂಕಪಡುವಂಥದ್ದೇನೂ ಇಲ್ಲ, ಆದರೆ ಹಾಗೆಯೇ ತಿಂಗಳುಗಟ್ಟಲೆ ಮುಂದೂಡುತ್ತ ಹೋಗುವುದೂ ಒಳ್ಳೆಯದಲ್ಲ. ಈ ತೊಂದರೆ ಆರಂಭದಲ್ಲಿ ನೋವನ್ನಾಗಲೀ ಮಸುಕನ್ನಾಗಲೀ ಉಂಟುಮಾಡುವುದಿಲ್ಲ, ಓದು, ಟೀವಿ, ಓಡಾಟ ಎಲ್ಲವೂ ಎಂದಿನಂತೆಯೇ ಸಾಗುತ್ತಿರುತ್ತವೆ. ಕಣ್ಣು ಚೆನ್ನಾಗಿಯೇ ಕಾಣಿಸುತ್ತಿದೆಯಲ್ಲ, ತಪಾಸಣೆ ಏಕೆ ಎಂದು ಅನೇಕರು ಕೇಳುತ್ತಾರೆ. ಆ ಪ್ರಶ್ನೆ ಸಹಜವಾದದ್ದೇ. ದೃಷ್ಟಿಯಲ್ಲಿ ವ್ಯತ್ಯಾಸ ತಿಳಿಯುವ ಮೊದಲೇ ಬದಲಾವಣೆಯನ್ನು ಹಿಡಿಯಲು ಒಳಗಿನ ಚಿತ್ರವನ್ನು ನೋಡುವುದೊಂದೇ ದಾರಿಯಾಗಿರುವುದರಿಂದ ವರ್ಷಕ್ಕೊಮ್ಮೆ ತಮ್ಮನ್ನು ಕರೆಯುತ್ತೇವೆ. ಹೋದ ವರ್ಷದ ಚಿತ್ರದ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟು ನೋಡಿದಾಗ ಆ ಚುಕ್ಕೆಗಳು ಅಷ್ಟೇ ಇದ್ದರೆ ಅದು ನೆಮ್ಮದಿಯ ಸುದ್ದಿ. ಅವು ಮಾಯವಾಗಿರುವುದೂ ಉಂಟು. ಹೆಚ್ಚಿದ್ದರೂ ಸಕ್ಕರೆ ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ಕಡೆಗೆ ಗಮನ ಕೊಡಲು ಸಾಕಷ್ಟು ಕಾಲಾವಕಾಶ ಸಿಗುತ್ತದೆ.

ಅಂದು ಏನೇನು ನಡೆಯುತ್ತದೆ ಎಂಬುದು ತಮಗೆ ಗೊತ್ತಿರುವ ಸಂಗತಿಯೇ ಆದರೂ, ವರ್ಷ ಕಳೆದಿರುವುದರಿಂದ ಇನ್ನೊಮ್ಮೆ ಬರೆಯುತ್ತೇನೆ. ಮೊದಲು ಅಕ್ಷರಗಳ ಫಲಕವನ್ನು ಓದಿಸಿ ದೃಷ್ಟಿಯನ್ನು ಅಳೆಯುತ್ತಾರೆ, ಆಮೇಲೆ ಕಣ್ಣಿನ ಒತ್ತಡವನ್ನು ನೋಡುತ್ತಾರೆ. ಅನಂತರ ಪಾಪೆಯನ್ನು ಹಿಗ್ಗಿಸುವ ಹನಿಗಳನ್ನು ಎರಡೂ ಕಣ್ಣಿಗೆ ಹಾಕುತ್ತಾರೆ. ಹನಿ ಬಿದ್ದ ಕ್ಷಣ ಉರಿಯುತ್ತದೆ, ಅರ್ಧ ನಿಮಿಷ ಕಣ್ಣು ಮುಚ್ಚಿಕೊಂಡು ಕುಳಿತರೆ ಅದು ಇಳಿಯುತ್ತದೆ. ಪಾಪೆ ಪೂರ್ತಿ ಹಿಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುವುದರಿಂದ ಆ ಅವಧಿಯನ್ನು ಹೊರಗಿನ ಕೊಠಡಿಯಲ್ಲಿ ಕಳೆಯಬೇಕಾಗುತ್ತದೆ. ಆಗ ಹತ್ತಿರದ ಅಕ್ಷರಗಳು ಮಸುಕಾಗತೊಡಗುತ್ತವೆ, ಹಾಗಾಗಿ ಪತ್ರಿಕೆಯಾಗಲೀ ಮೊಬೈಲಾಗಲೀ ಹೊತ್ತು ಕಳೆಯಲು ಒದಗುವುದಿಲ್ಲ, ಜೊತೆಗೆ ಬಂದವರೊಡನೆ ಮಾತಾಡುತ್ತ ಕೂರುವುದೇ ವಾಸಿ. ಆಮೇಲೆ ಗದ್ದವನ್ನು ಯಂತ್ರದ ಪಟ್ಟಿಯ ಮೇಲೆ ಊರಿ, ಹಣೆಯನ್ನು ಮುಂದಕ್ಕೆ ಒತ್ತಿ ಕುಳಿತರೆ ಒಂದೊಂದು ಕಣ್ಣಿನ ಚಿತ್ರವನ್ನು ತೆಗೆಯುತ್ತಾರೆ. ಫ್ಲಾಶಿನ ಬೆಳಕು ಕಣ್ಣು ಕುಕ್ಕುತ್ತದೆ, ಕೆಲವು ನಿಮಿಷ ಬಣ್ಣಬಣ್ಣದ ಛಾಯೆಗಳು ತೇಲಿದಂತಾಗುತ್ತದೆ, ಆದರೆ ಯಂತ್ರ ಕಣ್ಣನ್ನು ಮುಟ್ಟುವುದಿಲ್ಲ. ಕೊನೆಗೆ ಡಾಕ್ಟರು ಸ್ವತಃ ಪರೀಕ್ಷಿಸಿ, ಚಿತ್ರಗಳನ್ನು ಪರದೆಯ ಮೇಲೆ ತಮಗೂ ತೋರಿಸಿ ವಿವರಿಸುತ್ತಾರೆ. ಎಲ್ಲ ಸೇರಿ ಒಂದೂವರೆ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಇದು ತಪಾಸಣೆ ಮಾತ್ರ. ಲೇಸರ್ ಆಗಲೀ ಇಂಜೆಕ್ಷನ್ ಆಗಲೀ ಅಂದೇ ಮಾಡಿಬಿಡುತ್ತಾರೇನೋ ಎಂಬ ಅಳುಕು ಇದ್ದರೆ ಅದನ್ನು ಬಿಟ್ಟುಬಿಡಿ. ಅಂಥ ಅಗತ್ಯ ಯಾರಿಗಾದರೂ ಕಂಡುಬಂದರೂ ಅವರೊಂದಿಗೆ ಮಾತಾಡಿ, ಒಪ್ಪಿಗೆ ಪಡೆದು, ಬೇರೆ ದಿನವನ್ನೇ ಕೊಡುವುದು ನಮ್ಮ ಪದ್ಧತಿ.

ಉಪವಾಸವಿರಬೇಕಾಗಿಲ್ಲ. ಎಂದಿನಂತೆ ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ತಪ್ಪಿಸದೆ ತೆಗೆದುಕೊಂಡೇ ಬನ್ನಿ. ಹೊತ್ತು ಮೀರಿ ಸಕ್ಕರೆ ಇಳಿದೀತೆಂಬ ಅನುಮಾನವಿದ್ದರೆ ತಿನ್ನಲು ಏನಾದರೂ ಜೊತೆಯಲ್ಲಿರಲಿ. ಈಗ ಬಳಸುತ್ತಿರುವ ಕನ್ನಡಕ, ಸೇವಿಸುತ್ತಿರುವ ಔಷಧಗಳ ಚೀಟಿ ಮತ್ತು ಇತ್ತೀಚಿನ ಎಚ್‌ಬಿಎ1ಸಿ ವರದಿ ಇದ್ದರೆ ತನ್ನಿ. ಆ ವರದಿ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದರಿಂದ ಡಾಕ್ಟರಿಗೆ ಉಪಯುಕ್ತ, ಆದರೆ ಅದಿಲ್ಲವೆಂದು ಭೇಟಿಯನ್ನು ಮುಂದೂಡಬೇಕಿಲ್ಲ. ಗ್ಲಾಕೋಮಾ ಇದೆಯೆಂದು ಯಾರಾದರೂ ಹೇಳಿದ್ದರೆ, ಅಥವಾ ಹಿಂದೆ ಕಣ್ಣಿನ ಹನಿಗಳಿಂದ ಅಲರ್ಜಿಯಾಗಿದ್ದರೆ, ಹನಿ ಹಾಕುವ ಮೊದಲು ದಯವಿಟ್ಟು ನರ್ಸಿಗೆ ತಿಳಿಸಿ. ಹನಿಯ ಪರಿಣಾಮ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗಳವರೆಗೆ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಅಂದು ತಾವೇ ವಾಹನ ಓಡಿಸಿಕೊಂಡು ಹೋಗುವಂತಿಲ್ಲ. ಕಪ್ಪು ಕನ್ನಡಕವಿದ್ದರೆ ಮರೆಯದೆ ತನ್ನಿ.

ಜೊತೆಗೆ ಬರುವವರು ಯಾರೂ ಇಲ್ಲದಿರುವುದು ಎಷ್ಟೋ ಮಂದಿಗೆ ನಿಜವಾದ ತೊಡಕು, ಅದನ್ನು ಹೇಳಿಕೊಳ್ಳಲು ಅವರು ಹಿಂಜರಿಯುತ್ತಾರೆ. ತಮಗೂ ಹಾಗಿದ್ದರೆ ಮುಂಚಿತವಾಗಿ ಒಂದು ಮಾತು ತಿಳಿಸಿ. ನಮ್ಮ ಸಹಾಯಕರೊಬ್ಬರು ಬಾಗಿಲಲ್ಲಿ ತಮ್ಮನ್ನು ಎದುರುಗೊಂಡು, ತಪಾಸಣೆ ಮುಗಿಯುವವರೆಗೂ ಜೊತೆಯಲ್ಲಿದ್ದು, ಹೊರಡುವಾಗ ಬಾಡಿಗೆ ವಾಹನದಲ್ಲಿ ಕೂರಿಸುವ ಏರ್ಪಾಡು ಮಾಡುತ್ತೇನೆ. ಮೆಟ್ಟಿಲು ಹತ್ತುವುದು ಕಷ್ಟವಾದರೆ ನೆಲಮಹಡಿಯ ಕೊಠಡಿಯಲ್ಲೇ ಡಾಕ್ಟರು ನೋಡುವಂತೆ ಗೊತ್ತುಮಾಡಬಹುದು. ಕಚೇರಿಗೆ ರಜೆಯ ಸಲುವಾಗಿ ಚೀಟಿ ಬೇಕಿದ್ದರೆ ತಮಗೂ ತಮ್ಮ ಜೊತೆ ಬಂದವರಿಗೂ ಅಂದೇ ಬರೆದುಕೊಡುತ್ತೇವೆ. ಭೇಟಿಯ ಹಿಂದಿನ ದಿನ ನಾವು ಕಳುಹಿಸುವ ನೆನಪಿನ ಸಂದೇಶ ಈಗ ತಮ್ಮ ಮೊಬೈಲಿಗೆ ಮಾತ್ರ ಬರುತ್ತದೆ. ಮನೆಯ ಇನ್ನೊಬ್ಬರಿಗೂ ಬರಲಿ ಎನಿಸಿದರೆ, ಅಥವಾ ಸಂದೇಶಕ್ಕಿಂತ ಫೋನ್ ಕರೆಯೇ ಉತ್ತಮವೆನಿಸಿದರೆ, ಹಾಗೆಯೇ ಬದಲಾಯಿಸಿಕೊಡುತ್ತೇನೆ.

ಇದರ ನಡುವೆ ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಅಥವಾ ಎಳೆಗಳು ಹೆಚ್ಚಾಗಿ ತೇಲಿದರೆ, ಮಿಂಚು ಹೊಳೆದಂತಾದರೆ, ದೃಷ್ಟಿಯ ಒಂದು ಬದಿಗೆ ಪರದೆ ಇಳಿದಂತೆ ಕತ್ತಲು ಕವಿದರೆ, ಇಲ್ಲವೇ ದೃಷ್ಟಿ ದಿಢೀರನೆ ಕುಂದಿದರೆ ಅಥವಾ ಕಣ್ಣು ತೀವ್ರವಾಗಿ ನೋಯತೊಡಗಿದರೆ, ಮೇಲೆ ಬರೆದ ದಿನಗಳಿಗಾಗಿ ಕಾಯಬೇಡಿ. ಅಂದೇ ಬಂದುಬಿಡಿ, ಹೊತ್ತು ಮೀರಿದ್ದರೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಇಂಥ ಲಕ್ಷಣಗಳಿಗೆ ಮೊದಲೇ ಸಮಯ ಪಡೆದಿರಬೇಕೆಂಬ ನಿಯಮ ನಮ್ಮಲ್ಲಿಲ್ಲ.

ಈಗಾಗಲೇ ಬೇರೆಡೆ ಈ ತಪಾಸಣೆ ಆಗಿಹೋಗಿದ್ದರೆ ಬಹಳ ಸಂತೋಷ. ಆ ವರದಿಯ ಒಂದು ಪ್ರತಿಯನ್ನು ಕಳುಹಿಸಿಕೊಟ್ಟರೆ ನಮ್ಮ ಕಡತಕ್ಕೆ ಸೇರಿಸಿ, ಕಾದಿರಿಸಿದ ಸ್ಥಾನವನ್ನು ಬಿಟ್ಟುಕೊಡುತ್ತೇನೆ. ಸದ್ಯಕ್ಕೆ ತಪಾಸಣೆಯೇ ಬೇಡವೆನಿಸಿದರೂ ಅದು ತಮ್ಮ ನಿರ್ಧಾರ, ಒಂದು ಸಾಲಿನಲ್ಲಿ ತಿಳಿಸಿದರೆ ಮತ್ತೆ ಮತ್ತೆ ಪತ್ರ ಬರೆದು ತೊಂದರೆ ಕೊಡುವುದಿಲ್ಲ. ಮುಂದೆ ಎಂದಾದರೂ ಬರಬೇಕೆನಿಸಿದಾಗ ಹೊಸದಾಗಿ ಹೆಸರು ನೋಂದಾಯಿಸುವ ಗೋಜಿಲ್ಲದೆ ಇದೇ ಕಡತದ ಮೇಲೆ ಸಮಯ ಪಡೆಯಬಹುದು.

ಉತ್ತರಕ್ಕೆ ಉದ್ದದ ಬರಹ ಬೇಕಿಲ್ಲ. ಈ ಮೇಲ್‌ಗೆ ಮರುತ್ತರವಾಗಿ ‘ಬುಧವಾರ’, ‘ಶನಿವಾರ’ ಅಥವಾ ‘ಸೋಮವಾರ’ ಎಂಬ ಒಂದು ಪದ ಬರೆದರೂ ಆದೀತು. ಬರೆಯುವುದಕ್ಕಿಂತ ಮಾತಾಡುವುದೇ ಸುಲಭವೆನಿಸಿದರೆ ತಮ್ಮ ಬಳಿಯಿರುವ ಭೇಟಿಯ ಚೀಟಿಯ ಹಿಂಬದಿಯ ಸಂಖ್ಯೆಗೆ ಬೆಳಿಗ್ಗೆ 9ರಿಂದ ಸಂಜೆ 5ರ ಒಳಗೆ ಕರೆ ಮಾಡಿ. ಮಧ್ಯಾಹ್ನ 2ರ ನಂತರ ಸಾಮಾನ್ಯವಾಗಿ ನಾನೇ ಕರೆ ಸ್ವೀಕರಿಸುತ್ತೇನೆ. ತಮ್ಮ ಉತ್ತರ ಬಂದ ದಿನವೇ ಹೊಸ ಸಮಯವನ್ನು ಖಚಿತಪಡಿಸಿ ಸಂದೇಶ ಕಳುಹಿಸುತ್ತೇನೆ.

ಗೌರವಪೂರ್ವಕವಾಗಿ,
ಇಂತಿ ತಮ್ಮ ವಿಶ್ವಾಸಿ,
ರೋಗಿಗಳ ಭೇಟಿ ಸಂಯೋಜಕಿ,
ಕಣ್ಣಿನ ವಿಭಾಗ