ಆಜೀವ ಉಚಿತವೆಂದು ಕೊಟ್ಟ ಕ್ರೆಡಿಟ್ ಕಾರ್ಡಿಗೆ ವಾರ್ಷಿಕ ಶುಲ್ಕ ಹಾಕಿರುವ ಬಗ್ಗೆ ತಕರಾರು ಪತ್ರ

ದಾವಣಗೆರೆ
ದಿನಾಂಕ: 25-08-2025

ಇವರಿಂದ,
ಎಚ್.ಎಂ. ಶೈಲಜಾ
ಪ್ರೌಢಶಾಲಾ ಸಹಶಿಕ್ಷಕಿ
ವಿನೋಬನಗರ, ದಾವಣಗೆರೆ

ಇವರಿಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು
ಕ್ರೆಡಿಟ್ ಕಾರ್ಡ್ ವಿಭಾಗ
(ಶಾಖಾ ವ್ಯವಸ್ಥಾಪಕರು, ಪಿ.ಜೆ. ಬಡಾವಣೆ ಶಾಖೆ, ದಾವಣಗೆರೆ, ಇವರ ಮೂಲಕ)

ವಿಷಯ: 4417ರಲ್ಲಿ ಕೊನೆಗೊಳ್ಳುವ ನನ್ನ ಕ್ರೆಡಿಟ್ ಕಾರ್ಡಿಗೆ 12-08-2025ರ ಬಿಲ್ಲಿನಲ್ಲಿ ಹಾಕಿರುವ ರೂ. 1,178.82 ವಾರ್ಷಿಕ ಶುಲ್ಕವನ್ನು ವಾಪಸ್ ಮಾಡಿ, ಕಾರ್ಡನ್ನು ಆಜೀವ ಉಚಿತವೆಂದೇ ಮುಂದುವರಿಸುವ ಬಗ್ಗೆ.

ಮಾನ್ಯರೇ,

ನನ್ನ ಸಂಬಳದ ಖಾತೆ ತಮ್ಮ ಪಿ.ಜೆ. ಬಡಾವಣೆ ಶಾಖೆಯಲ್ಲಿದೆ. ಮೇಲ್ಕಂಡ ಕ್ರೆಡಿಟ್ ಕಾರ್ಡ್ 2022ರ ಆಗಸ್ಟ್ ತಿಂಗಳಿನಿಂದ ನನ್ನ ಬಳಿ ಇದೆ. ಅಂದಿನಿಂದ ಇಂದಿನವರೆಗೆ ಒಂದು ಕಂತನ್ನೂ ತಡ ಮಾಡದೆ ಕಟ್ಟಿದ್ದೇನೆ. ಈ ತಿಂಗಳ ಬಿಲ್ಲಿನಲ್ಲಿ, ನಾನು ಮಾಡಿದ ಖರೀದಿಗಳ ಕೆಳಗೆ ಈ ಎರಡು ಸಾಲುಗಳು ಬಂದಿವೆ:

ANNUAL FEE 999.00
IGST 179.82

ಇವೆರಡನ್ನೂ ನಾನು ಒಪ್ಪುವುದಿಲ್ಲ. ಕಾರಣಗಳನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ. ಗ್ರಾಹಕ ಸೇವಾ ಕೇಂದ್ರದಲ್ಲಿ ಫೋನು ಎತ್ತಿದವರು ಇದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಾವಾದರೂ ದಯವಿಟ್ಟು ಕೊನೆಯವರೆಗೆ ಓದಬೇಕು.

ಈ ಕಾರ್ಡಿಗಾಗಿ ನಾನು ಬ್ಯಾಂಕಿಗೆ ಬಂದವಳಲ್ಲ. ತಮ್ಮ ಪ್ರತಿನಿಧಿಯೇ ನಮ್ಮ ಶಾಲೆಗೆ ಬಂದಿದ್ದರು. ಸ್ವಾತಂತ್ರ್ಯ ದಿನಾಚರಣೆಯ ತಾಲೀಮು ಮುಗಿದು ನಾವೆಲ್ಲ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕುಳಿತಿದ್ದ ಹೊತ್ತು. ಸಂಬಳದ ಖಾತೆ ಇರುವವರಿಗೆ ಮಾತ್ರ ಈ ಸೌಲಭ್ಯ ಎಂದರು. ನಾನು ಮೊದಲು ಬೇಡ ಎಂದೆ. ವರ್ಷಕ್ಕಿಷ್ಟು ಎಂದು ಆಮೇಲೆ ಹಾಕುತ್ತೀರಿ, ನನಗೆ ಕಾರ್ಡಿನ ಅಗತ್ಯವೂ ಅಷ್ಟಿಲ್ಲ ಎಂದೆ. ಅದಕ್ಕೆ ಅವರು, "ಏನೂ ಇಲ್ರೀ ಮೇಡಂ, ಕಾರ್ಡ್ ಇರೋ ತನಕ ಫ್ರೀ. ಬೀರುವಿನಾಗ ಇಟ್ರೂ ಒಂದ್ರೂಪಾಯಿ ಬೀಳಲ್ಲ" ಎಂದರು. ಬಾಯಿಮಾತು ಸಾಲದು, ಬರೆದುಕೊಡಿ ಎಂದು ಕೇಳಿದೆ. ಅರ್ಜಿಯಲ್ಲಿ ಶುಲ್ಕದ ಕಾಲಂ ಖಾಲಿ ಇತ್ತು. ನನ್ನೆದುರೇ ಅಲ್ಲಿ ನೀಲಿ ಪೆನ್ನಿನಿಂದ "LTF – Joining NIL, Annual NIL" ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ, ತಮ್ಮ ಕೋಡ್ ಸಂಖ್ಯೆ ಹಾಕಿದರು. ಆ ಪುಟದ ಫೋಟೋ ತೆಗೆದುಕೊಂಡ ಮೇಲೆಯೇ ನಾನು ಸಹಿ ಹಾಕಿದ್ದು. ಆ ಫೋಟೋದ ಪ್ರತಿಯನ್ನು ಲಗತ್ತಿಸಿದ್ದೇನೆ. ಮೂಲ ಅರ್ಜಿ ತಮ್ಮ ಕಡತದಲ್ಲೇ ಇರಬೇಕು, ತೆಗೆಸಿ ನೋಡಿ.

ಇದು ಒಬ್ಬ ಪ್ರತಿನಿಧಿಯ ಮಾತು ಮಾತ್ರವೂ ಅಲ್ಲ. ಕಾರ್ಡಿನ ಜೊತೆ ಬಂದ ಸ್ವಾಗತ ಪತ್ರದ ಎರಡನೇ ಪುಟದ ಶುಲ್ಕದ ಪಟ್ಟಿಯಲ್ಲಿ ಸೇರ್ಪಡೆ ಶುಲ್ಕದ ಮುಂದೆಯೂ ವಾರ್ಷಿಕ ಶುಲ್ಕದ ಮುಂದೆಯೂ "NIL" ಎಂದೇ ಅಚ್ಚಾಗಿದೆ. ಪಕ್ಕದಲ್ಲಿ ನಕ್ಷತ್ರದ ಗುರುತಿಲ್ಲ, ಅಡಿಟಿಪ್ಪಣಿಯಿಲ್ಲ, ಮೊದಲ ವರ್ಷಕ್ಕೆ ಮಾತ್ರ ಎಂದಿಲ್ಲ, ಇಷ್ಟು ಖರ್ಚು ಮಾಡಿದರೆ ಎಂದೂ ಇಲ್ಲ. ಅದಕ್ಕೆ ತಕ್ಕಂತೆ 2023ರಲ್ಲಾಗಲಿ 2024ರಲ್ಲಾಗಲಿ ತಾವು ಶುಲ್ಕ ಹಾಕಲಿಲ್ಲ.

16-08-2025ರಂದು ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗ ಒಂದೇ ಕರೆಯಲ್ಲಿ ಎರಡು ಬೇರೆ ಬೇರೆ ಉತ್ತರ ಸಿಕ್ಕಿತು. ಮೊದಲು ಮಾತಾಡಿದವರು, ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಿದರೆ ಮಾತ್ರ ಉಚಿತ ಎಂದರು. ಆ ಷರತ್ತು ಎಲ್ಲಿ ಬರೆದಿದೆ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಮೇಲಧಿಕಾರಿಗೆ ಕೊಟ್ಟರು. ಅವರು, "ನಿಮ್ಮ ಕಾರ್ಡ್ ಜೂನ್‌ನಲ್ಲಿ ಅಪ್‌ಗ್ರೇಡ್ ಆಗಿದೆ, ಹೊಸ ಕಾರ್ಡಿಗೆ ವಾರ್ಷಿಕ ಶುಲ್ಕ ಇದೆ" ಎಂದರು.

ಈ ಅಪ್‌ಗ್ರೇಡ್ ವಿಷಯವನ್ನು ತಾವು ಗಂಭೀರವಾಗಿ ತೆಗೆದುಕೊಳ್ಳಬೇಕು. ಜೂನ್ ತಿಂಗಳಲ್ಲಿ ಕೊರಿಯರ್‌ನಲ್ಲಿ ತಮ್ಮ ಬ್ಯಾಂಕಿನಿಂದ ಒಂದು ಲಕೋಟೆ ಬಂದದ್ದು ನಿಜ. ಹಳೆಯ ಕಾರ್ಡಿನ ಅವಧಿ 2027ರ ಆಗಸ್ಟ್‌ವರೆಗೆ ಇರುವುದರಿಂದ, ನಾನು ಕೇಳದೆ ಬಂದದ್ದನ್ನು ಒಡೆಯದೆ ಹಾಗೇ ಇಟ್ಟೆ. ಇವತ್ತಿಗೂ ಅದರ ಅಂಟು ಬಿಟ್ಟಿಲ್ಲ. ಅಪ್‌ಗ್ರೇಡ್ ಬೇಕೆಂದು ನಾನು ಅರ್ಜಿ ಕೊಟ್ಟಿಲ್ಲ, ಫೋನಿನಲ್ಲಿ ಹೂಂ ಅಂದಿಲ್ಲ, ಒಟಿಪಿ ಹೇಳಿಲ್ಲ, ಆ ಕಾರ್ಡನ್ನು ಚಾಲೂ ಮಾಡಿಲ್ಲ. ಈ ಬಿಲ್ಲಿನಲ್ಲಿರುವ ಖರೀದಿಗಳೆಲ್ಲ ಹಳೆಯ ಕಾರ್ಡಿನಲ್ಲೇ ಆಗಿವೆ. ಲಕೋಟೆಯನ್ನು ಈ ಪತ್ರದೊಂದಿಗೆ ಶಾಖೆಗೆ ಒಪ್ಪಿಸುತ್ತಿದ್ದೇನೆ. ಮುಚ್ಚಿದ ಸ್ಥಿತಿಯಲ್ಲೇ ಸ್ವೀಕರಿಸಿದ್ದಾಗಿ ಸ್ವೀಕೃತಿಯಲ್ಲಿ ನಮೂದಿಸಬೇಕೆಂದು ಕೋರುತ್ತೇನೆ.

ಭಾರತೀಯ ರಿಸರ್ವ್ ಬ್ಯಾಂಕ್ 2022ರಲ್ಲಿ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ಬಗ್ಗೆ ಹೊರಡಿಸಿದ ನಿರ್ದೇಶನಗಳು ಆ ವರ್ಷದ ಜುಲೈ 1ರಿಂದ ಜಾರಿಯಲ್ಲಿವೆ. ಅಂದರೆ ನನ್ನ ಕಾರ್ಡ್ ಬಂದದ್ದೇ ಈ ನಿಯಮಗಳು ಜಾರಿಯಾದ ಮೇಲೆ. ಕಾರ್ಡ್ ಕೊಡುವಾಗ ಸ್ಪಷ್ಟವಾಗಿ ತಿಳಿಸದ, ಗ್ರಾಹಕರು ಒಪ್ಪದ ಯಾವ ಶುಲ್ಕವನ್ನೂ ಹಾಕಬಾರದು. ಉಚಿತವೆಂದು ಕೊಡುವ ಕಾರ್ಡಿನಲ್ಲಿ ಮುಚ್ಚಿಟ್ಟ ಶುಲ್ಕಗಳು ಇರಬಾರದು ಎಂದು ಅವು ಹೇಳುತ್ತವೆ. ಗ್ರಾಹಕರು ಕೇಳದೆ ಕಾರ್ಡ್ ಅಪ್‌ಗ್ರೇಡ್ ಮಾಡುವುದನ್ನು ನಿಷೇಧಿಸಿವೆ. ಒಪ್ಪಿಗೆ ಇಲ್ಲದೆ ಅಪ್‌ಗ್ರೇಡ್ ಮಾಡಿ, ಚಾಲೂ ಮಾಡಿ, ಬಿಲ್ ಹಾಕಿದರೆ ಆ ಹಣವನ್ನು ಕೂಡಲೇ ವಾಪಸ್ ಮಾಡುವುದಷ್ಟೇ ಅಲ್ಲ, ಅದರ ಎರಡರಷ್ಟನ್ನು ಗ್ರಾಹಕರಿಗೆ ದಂಡವಾಗಿ ಕೊಡಬೇಕು ಎಂದೂ ಇದೆ. ಅಪ್‌ಗ್ರೇಡ್ ಆದದ್ದರಿಂದಲೇ ಶುಲ್ಕ ಬಿದ್ದಿದೆ ಎಂಬುದು ತಮ್ಮ ನಿಲುವಾದರೆ, ನಾನು ಚಾಲೂ ಮಾಡದ ಕಾರ್ಡನ್ನು ತಮ್ಮ ವ್ಯವಸ್ಥೆಯೇ ಚಾಲೂ ಮಾಡಿ ಬಿಲ್ ಹಾಕಿದೆ ಎಂದಾಯಿತು. ಆಗ ರೂ. 1,178.82ರ ಜೊತೆಗೆ ರೂ. 2,357.64 ದಂಡವೂ ನನಗೆ ಸಲ್ಲಬೇಕು.

ಶುಲ್ಕ ಬದಲಿಸುವ ಹಕ್ಕು ಬ್ಯಾಂಕಿಗೆ ಇದೆ ಎಂದು ತಾವು ಹೇಳಬಹುದು. ಅದಕ್ಕೂ ನಿಯಮವಿದೆ. ಕನಿಷ್ಠ ಒಂದು ತಿಂಗಳು ಮೊದಲೇ ತಿಳಿಸಬೇಕು. ಬದಲಾವಣೆ ಒಪ್ಪದವರು ಹೆಚ್ಚಿನ ಶುಲ್ಕವಿಲ್ಲದೆ ಕಾರ್ಡ್ ಮರಳಿಸಲು ಅವಕಾಶ ಕೊಡಬೇಕು. ಮೆಸೇಜ್ ಕಳಿಸಿದ್ದೇವೆ ಎಂದು ಫೋನಿನಲ್ಲಿ ಹೇಳಿದರು. ನನ್ನ ಮೊಬೈಲು, ಇಮೇಲು ಎರಡರಲ್ಲೂ ಹುಡುಕಿದ್ದೇನೆ. ಸಾಲ ಬೇಕೇ, ಖರೀದಿಯನ್ನು ಇಎಂಐ ಮಾಡಿಕೊಳ್ಳುತ್ತೀರಾ ಎಂಬ ತಮ್ಮ ಮೆಸೇಜುಗಳು ಸಾಲುಸಾಲಾಗಿವೆ, ಶುಲ್ಕದ ಬಗ್ಗೆ ಒಂದೂ ಇಲ್ಲ. ಕಳಿಸಿದ್ದು ನಿಜವಾದರೆ ಯಾವ ದಿನಾಂಕ, ಯಾವ ಸಂಖ್ಯೆಗೆ, ಏನೆಂದು ಎಂಬುದನ್ನು ದಾಖಲೆ ಸಮೇತ ಕೊಡಿ.

ಅದೇ ಕರೆಯಲ್ಲಿ, ಮೂರು ತಿಂಗಳೊಳಗೆ 25,000 ರೂಪಾಯಿ ಖರ್ಚು ಮಾಡಿದರೆ ಈ ವರ್ಷದ ಶುಲ್ಕ ಮನ್ನಾ ಮಾಡುತ್ತೇವೆ ಎಂದೂ ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮನ್ನಾ ಎಂದರೆ ಶುಲ್ಕ ಸರಿಯಾಗಿಯೇ ಇತ್ತು ಎಂದು ನಾನು ಒಪ್ಪಿದಂತೆ. ಮುಂದಿನ ಆಗಸ್ಟ್‌ನಲ್ಲಿ ಅದೇ ಸಾಲು ಮತ್ತೆ ಬರುತ್ತದೆ, ಮತ್ತೆ ಫೋನ್ ಹಿಡಿದು ಕೂರಬೇಕಾಗುತ್ತದೆ. ನಾನು ಕೇಳುತ್ತಿರುವುದು ರಿಯಾಯಿತಿಯಲ್ಲ. ತಾವು ಬರೆದುಕೊಟ್ಟ ಮಾತನ್ನು ನಡೆಸಿಕೊಡಿ ಎಂದಷ್ಟೇ.

ಬಿಲ್ಲಿನ ಒಟ್ಟು ಮೊತ್ತ ರೂ. 5,414.82. ಇದರಲ್ಲಿ ನಾನು ಮಾಡಿದ ಖರೀದಿ ರೂ. 4,236, ಅದನ್ನು ಇಂದೇ ಪೂರ್ತಿ ಕಟ್ಟಿದ್ದೇನೆ. ಗಡುವು ಸೆಪ್ಟೆಂಬರ್ 1, ಬಿಲ್ಲಿನಲ್ಲಿ ತೋರಿಸಿದ ಕನಿಷ್ಠ ಬಾಕಿ ರೂ. 1,391. ಅಂದರೆ ಕನಿಷ್ಠ ಬಾಕಿಗಿಂತ ಎಷ್ಟೋ ಹೆಚ್ಚು ಹಣ ಗಡುವಿಗೆ ಮೊದಲೇ ಸಂದಿದೆ. ಉಳಿದಿರುವುದು ತಕರಾರಿನಲ್ಲಿರುವ ರೂ. 1,178.82 ಮಾತ್ರ. ಇದು ಇತ್ಯರ್ಥವಾಗುವವರೆಗೆ ಅದರ ಮೇಲೆ ಬಡ್ಡಿ, ತಡಪಾವತಿ ಶುಲ್ಕ ಹಾಕಬಾರದು. ಕಟ್ಟದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಬಡ್ಡಿ ಬೆಳೆಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಈ ಮೊತ್ತವನ್ನು ಸುಸ್ತಿ ಎಂದು ಸಿಬಿಲ್‌ಗಾಗಲಿ ಬೇರೆ ಯಾವ ಸಾಲ ಮಾಹಿತಿ ಸಂಸ್ಥೆಗಾಗಲಿ ವರದಿ ಮಾಡಬಾರದು. ಬರುವ ವರ್ಷ ಮನೆ ಸಾಲಕ್ಕೆ ಅರ್ಜಿ ಹಾಕುವವಳಿದ್ದೇನೆ. ಮೂರು ವರ್ಷ ಕಾಪಾಡಿಕೊಂಡ ಹೆಸರು ನನ್ನದಲ್ಲದ ಬಾಕಿಗೆ ಕೆಡಬಾರದು. ಕಾರ್ಡ್ ಮುಚ್ಚಿಬಿಡಿ ಎಂದು ನಾನು ಕೇಳದಿರುವುದಕ್ಕೂ ಇದೇ ಕಾರಣ. ನನ್ನ ಹೆಸರಿನಲ್ಲಿರುವ ಹಳೆಯ ಸಾಲದ ಖಾತೆ ಇದೊಂದೇ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆ ದಿನ ನಮ್ಮ ಶಾಲೆಯ ಅಟೆಂಡರ್ ಕೂಡ ಇದೇ ಪ್ರತಿನಿಧಿಯಿಂದ ಇದೇ ಕಾರ್ಡ್ ಮಾಡಿಸಿದರು. ಟೀಚರ್‌ಗಳೇ ತಗೊಂಡಿದ್ದಾರೆ ಅಂದಮೇಲೆ ಮೋಸ ಇರಲಿಕ್ಕಿಲ್ಲ ಎಂಬ ನಂಬಿಕೆಯ ಮೇಲೆ. ಅವರಿಗೂ ಈ ತಿಂಗಳು ಇದೇ ಶುಲ್ಕ ಬಿದ್ದಿದೆ. ಇಂಗ್ಲಿಷ್ ಬಿಲ್ಲಿನಲ್ಲಿ ಆ ಸಾಲು ಏನೆಂದು ತಿಳಿಯದೆ, ಕಟ್ಟದಿದ್ದರೆ ಮನೆಗೆ ಬರುತ್ತಾರೇನೋ ಎಂದು ಹೆದರಿ ಪೂರ್ತಿ ಕಟ್ಟಿಬಿಟ್ಟಿದ್ದಾರೆ. ಒಂದು ಗ್ಯಾಸ್ ಸಿಲಿಂಡರ್ ಕೊಂಡು ಮಿಗುವಷ್ಟು ಹಣ ಅದು. ಅವರು ತಮ್ಮ ದೂರನ್ನು ತಾವೇ ಪ್ರತ್ಯೇಕವಾಗಿ ಕೊಡುತ್ತಾರೆ. ಆದರೂ ಆ ದಿನ ನಮ್ಮ ಶಾಲೆಯಲ್ಲಿ ಕೊಟ್ಟ ಎಲ್ಲ ಕಾರ್ಡುಗಳನ್ನೂ ತಾವಾಗಿಯೇ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ದೂರು ಬರೆಯಲು ಬಾರದವರ ಹಣ ಬ್ಯಾಂಕಿನಲ್ಲೇ ಉಳಿಯುವಂತಾಗಬಾರದು.

ಆದ್ದರಿಂದ ರೂ. 999 ಶುಲ್ಕ, ಅದರ ಮೇಲಿನ ರೂ. 179.82 ಜಿಎಸ್‌ಟಿ ಎರಡನ್ನೂ ನನ್ನ ಕಾರ್ಡ್ ಖಾತೆಗೆ ವಾಪಸ್ ಜಮಾ ಮಾಡಿ. ರಿವಾರ್ಡ್ ಪಾಯಿಂಟಾಗಲಿ ವೋಚರ್ ಆಗಲಿ ಬೇಡ. ಜೂನ್‌ನಲ್ಲಿ ಮಾಡಿರುವ ಅಪ್‌ಗ್ರೇಡ್ ರದ್ದುಮಾಡಿ, 4417 ಕಾರ್ಡ್ ಆಜೀವ ಉಚಿತ, ಯಾವ ಖರ್ಚಿನ ಷರತ್ತೂ ಇಲ್ಲ ಎಂದು ಲಿಖಿತವಾಗಿ ಖಚಿತಪಡಿಸಿ. ಒಪ್ಪಲಾಗದಿದ್ದರೆ ನನ್ನ ಮೂಲ ಅರ್ಜಿ, ಅಪ್‌ಗ್ರೇಡ್‌ಗೆ ನಾನು ಕೊಟ್ಟೆ ಎನ್ನಲಾದ ಒಪ್ಪಿಗೆ, ಮುನ್ಸೂಚನೆ, 16ನೇ ತಾರೀಖಿನ ಕರೆಯ ಧ್ವನಿಮುದ್ರಣ ಇವುಗಳ ಪ್ರತಿ ಕೊಡಿ. ಗ್ರಾಹಕರು ಬಿಲ್ಲಿಗೆ ತಕರಾರು ತೆಗೆದರೆ 30 ದಿನಗಳೊಳಗೆ ವಿವರಣೆಯನ್ನೂ ಅಗತ್ಯವಿದ್ದಲ್ಲಿ ದಾಖಲೆಯನ್ನೂ ಕೊಡಬೇಕಾದ್ದು ತಮ್ಮ ಹೊಣೆ. ಉತ್ತರ ಕನ್ನಡದಲ್ಲಿ ಇರಲಿ.

24-09-2025ರೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ cms.rbi.org.in ಮೂಲಕ ದೂರು ಕೊಡುತ್ತೇನೆ. ಶಾಖೆಯಲ್ಲಿರುವವರು ನನಗೆ ಎಂದೂ ಅಗೌರವ ತೋರಿದವರಲ್ಲ, ಹಾಗಾಗಿ ಇಲ್ಲೇ ಬಗೆಹರಿದರೆ ನನಗೆ ಸಂತೋಷ.

ಅರ್ಜಿಯ ಪುಟದ ಫೋಟೋ, ಸ್ವಾಗತ ಪತ್ರದ ಎರಡನೇ ಪುಟ, 12-08-2025ರ ಬಿಲ್ಲು, ರೂ. 4,236 ಪಾವತಿಯ ರಸೀದಿ ಇವುಗಳ ಪ್ರತಿಗಳನ್ನು ಮತ್ತು ಒಡೆಯದ ಲಕೋಟೆಯನ್ನು ಲಗತ್ತಿಸಿದ್ದೇನೆ. ಪತ್ರದ ಎರಡನೇ ಪ್ರತಿಯ ಮೇಲೆ ಶಾಖೆಯ ಮೊಹರು, ದಿನಾಂಕ ಹಾಕಿ ದೂರಿನ ಸಂಖ್ಯೆ ಬರೆದುಕೊಡಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,

ಎಚ್.ಎಂ. ಶೈಲಜಾ