‘ಕೊಳೆಮದ್ದು’ ಕತೆ, ಎರಡನೆಯ ದೃಶ್ಯ: ತಿದ್ದಿದ ಪ್ರತಿ

ಕರಡಿನಲ್ಲಿದ್ದದ್ದು:

ಮಂಜ ಅಂಗಳಕ್ಕೆ ಬಂದು "ಒಡೇರೇ ಮಳೆ ಹೊಳವಾಗಿದೆ ಮದ್ದು ಹೊಡೆಯೋಣ್ವಾ.' ಅಂದ ಗಣಪಣ್ಣ ಡ್ರಮ್ಮಿನತ್ತ ನೋಡಿ ಸುಣ್ಣ ಎಷ್ಟು ಹಾಕಿದ್ಯೋ?? ಅಂದ ''ನೂರು ಲೀಟರಿಗೆ ಒಂದು ಕೇಜಿ, ತುತ್ತನೂ ಒಂದು ಕೇಜಿ" ಚಾಕು ಅದ್ದಿ ನೋಡಿದ್ಯಾ, ಇಲ್ಲ ಅಂದ, ಸಾವಿತ್ರಿ ಒಳಗಿಂದ ಚಾಕು ತಂದಳು ಹೋದ್ವರ್ಷ ನೀವೇ ಪರವಾಗಿಲ್ಲ ಹೊಡಿ ಅಂದಿದ್ರಿ..... ಅರ್ಧ ಅಡಿಕೆ ಉದುರಿತು ಅಂದಳು. ಚಾಕು ಕೆಂಪಗಾಯಿತು "ಇನ್ನೊಂಚೂರು ಸುಣ್ಣ ಹಾಕು" ಅಂದ!!

ತಿದ್ದಿದ ಮೇಲೆ:

ಮಂಜ ಅಂಗಳಕ್ಕೆ ಬಂದ. “ಒಡೇರೇ, ಮಳೆ ಹೊಳವಾಗಿದೆ. ಮದ್ದು ಹೊಡೆಯೋಣ್ವಾ?”

ಗಣಪಣ್ಣ ಡ್ರಮ್ಮಿನತ್ತ ನೋಡಿದ. “ಸುಣ್ಣ ಎಷ್ಟು ಹಾಕಿದ್ಯೋ?”

“ನೂರು ಲೀಟರಿಗೆ ಒಂದು ಕೇಜಿ. ತುತ್ತನೂ ಒಂದು ಕೇಜಿ.”

“ಚಾಕು ಅದ್ದಿ ನೋಡಿದ್ಯಾ?”

“ಇಲ್ಲ.”

ಸಾವಿತ್ರಿ ಒಳಗಿಂದ ಚಾಕು ತಂದಳು. “ಹೋದ್ವರ್ಷ ನೀವೇ ‘ಪರವಾಗಿಲ್ಲ, ಹೊಡಿ’ ಅಂದಿದ್ರಿ… ಅರ್ಧ ಅಡಿಕೆ ಉದುರಿತು.”

ಮಂಜ ಚಾಕನ್ನು ಮದ್ದಿನಲ್ಲಿ ಅದ್ದಿ ಹಿಡಿದ. ಹೊರತೆಗೆದಾಗ ಅಲಗು ಕೆಂಪಗಾಗಿತ್ತು.

“ಇನ್ನೊಂಚೂರು ಸುಣ್ಣ ಹಾಕು” ಎಂದ ಗಣಪಣ್ಣ.

ಮಾತಾಡುವವರು ಬದಲಾದಲ್ಲೆಲ್ಲ ಹೊಸ ಪ್ಯಾರಾ. ಆದರೆ ಮಾತಾಡುವವರ ಚಲನೆಯನ್ನು ಅವರ ಮಾತಿನ ಜೊತೆಯಲ್ಲೇ ಉಳಿಸಿದ್ದೇನೆ. ಸಾವಿತ್ರಿ ಚಾಕು ತಂದದ್ದನ್ನು ಬೇರೆ ಪ್ಯಾರಾ ಮಾಡಿದ್ದರೆ ‘ಹೋದ್ವರ್ಷ’ ಎಂಬ ಮಾತು ಮಂಜನದೆಂದು ಓದಿಸಿಕೊಳ್ಳುತ್ತಿತ್ತು. ಪ್ರಶ್ನೋತ್ತರ ಎರಡೇ ಜನರ ನಡುವೆ ಇರುವಾಗ ‘ಎಂದ’ ಬೇಕಿಲ್ಲ. ಸಾವಿತ್ರಿ ಬಂದ ಮೇಲೆ ಬೇಕು. ಕೊನೆಯ ಮಾತಿಗೆ ನೀವು ಹೆಸರು ಕೊಟ್ಟಿರಲಿಲ್ಲ. ‘ಹಾಕು’ ಎಂದು ಮಂಜ ಒಡೆಯನಿಗೆ ಹೇಳಲಾರ, ‘ಅಂದ’ ಎಂದಿರುವುದರಿಂದ ಸಾವಿತ್ರಿಯೂ ಅಲ್ಲ, ಹಾಗಾಗಿ ಗಣಪಣ್ಣನಿಗೆ ಕೊಟ್ಟೆ.

ನಿರೂಪಣೆಯಲ್ಲಿ ‘ಎಂದ’, ಮಾತಿನೊಳಗೆ ‘ಅಂದಿದ್ರಿ’. ಆಡುಮಾತನ್ನು ಎಲ್ಲೂ ಮುಟ್ಟಿಲ್ಲ.

ಮಾತಿಗೆ ಜೋಡಿ ಉದ್ಧರಣ ಚಿಹ್ನೆ, ಮಾತಿನೊಳಗಿನ ಮಾತಿಗೆ ಒಂಟಿ. ‘ಎಂದ’ ಹಿಂಬಾಲಿಸಿದರೆ ಮುಚ್ಚುವ ಚಿಹ್ನೆಯ ಮುಂಚೆ ಪೂರ್ಣವಿರಾಮ ಬೇಡ. ಪ್ರಶ್ನಾರ್ಥಕ ಮಾತ್ರ ಒಳಗೇ ಇರುತ್ತದೆ. ‘ಲೀಟರಿಗೆ’ ಸಾಲಿನ ಆರಂಭದಲ್ಲಿ ನೀವು ಒಂಟಿ ಚಿಹ್ನೆಯನ್ನು ಎರಡು ಸಲ ಒತ್ತಿದ್ದಿರಿ. ಕಣ್ಣಿಗೆ ಜೋಡಿಯಂತೆ ಕಂಡರೂ ಹುಡುಕಿ ಬದಲಿಸುವಾಗ ಅದು ಸಿಕ್ಕುವುದಿಲ್ಲ, ಆದ್ದರಿಂದ ಉಳಿದ ದೃಶ್ಯಗಳಲ್ಲಿ ಅದನ್ನೇ ಮೊದಲು ಬೇರೆಯಾಗಿ ಹುಡುಕಿ. ಐದು ಚುಕ್ಕೆ ಮೂರಾಗಿದೆ. ಕೊನೆಯ ಎರಡು ಉದ್ಗಾರ ಚಿಹ್ನೆಗಳು ನಿಮ್ಮದೇ ಗಾಬರಿ, ಗಣಪಣ್ಣನದಲ್ಲ, ತೆಗೆದಿದ್ದೇನೆ.

ಮಂಜ ಚಾಕು ಅದ್ದಿ ಹಿಡಿಯುವ ವಾಕ್ಯ ನಾನು ಸೇರಿಸಿದ್ದು. ಸುಣ್ಣ ಸಾಲದಿದ್ದರೆ ಅಲಗಿಗೆ ತಾಮ್ರ ಕೂರುತ್ತದೆ ನಿಜ, ಆದರೆ ತುಸು ಹೊತ್ತು ಬೇಕು. ಕರಡಿನಲ್ಲಿ ಚಾಕು ಮದ್ದು ಮುಟ್ಟುವ ಮೊದಲೇ ಕೆಂಪಾಗಿತ್ತು. ಬೇಡವೆನಿಸಿದರೆ ನಿಮ್ಮದೇ ವಾಕ್ಯ ಹಾಕಿ.

ಮೂರನೆಯ ದೃಶ್ಯದಲ್ಲಿ ಮಂಜನ ಉದ್ದ ಮಾತು ಎರಡು ಪ್ಯಾರಾಗಳಷ್ಟಿದೆ. ಎರಡರ ಆರಂಭದಲ್ಲೂ ತೆರೆಯುವ ಚಿಹ್ನೆ ಹಾಕಿ, ಮುಚ್ಚುವುದನ್ನು ಎರಡನೆಯದರ ಕೊನೆಗೆ ಮಾತ್ರ.