‘ಸರಾಗ’ ಡ್ರೈನ್ ಲಿಕ್ವಿಡ್: 45 ಸೆಕೆಂಡಿನ ಜಾಹೀರಾತಿನ ಶೂಟಿಂಗ್ ಸ್ಕ್ರಿಪ್ಟ್

ಜಾಗ: ಮಂಗಳೂರು, ಊರ್ವದ ಒಂದು ಫ್ಲಾಟಿನ ಅಡುಗೆಮನೆ. ಭಾನುವಾರ ಬೆಳಿಗ್ಗೆ 11 ಗಂಟೆ.
ಪಾತ್ರಗಳು: ಚಿಕ್ಕಮ್ಮ (50), ಅಕ್ಕನ ಮಗಳು (19, ಕಾಲೇಜು), ಫೋನಿನಲ್ಲಿ ಪ್ಲಂಬರ್.

ಶುರು ಮಾಡುವ ಮೊದಲು ಒಂದು ಮಾತು. ‘ಸುರಿದ 10 ಸೆಕೆಂಡಿಗೆ ಬ್ಲಾಕ್ ಮಾಯ’ ಅಂತ ಬರೆಯಲು ಹೇಳಿದ್ದರು. ಬರೆದಿಲ್ಲ. ಕಾಸ್ಟಿಕ್ ಸೋಡಾ ಜಿಡ್ಡನ್ನು ಸಾಬೂನು ಮಾಡಿ ಕರಗಿಸಬೇಕು, ಅದಕ್ಕೆ ಹೊತ್ತು ಬೇಕು. ನಮ್ಮ ಬಾಟ್ಲಿ ಮೇಲೇ 20 ನಿಮಿಷ ಅಂತ ಉಂಟು. ಸೆಕೆಂಡಿನಲ್ಲಿ ತೋರಿಸಬಹುದಾದ್ದು ಒಂದೇ: ನೀರು ಇಳಿಯುವ ವೇಗ. ಹಾಗಾಗಿ ಇಡೀ ಜಾಹೀರಾತು ಒಂದು ಚೆಂಬು ನೀರಿನ ಮೇಲೆ ನಿಂತಿದೆ.

ಶಾಟ್ 1 (0–8 ಸೆಕೆಂಡ್)

ಸಿಂಕಿನ ಕ್ಲೋಸಪ್. ಕೋಳಿ ಸಾರಿನ ಎಣ್ಣೆ ನೀರಿನ ಮೇಲೆ ಉಂಗುರ ಉಂಗುರವಾಗಿ ತೇಲುತ್ತಿದೆ. ನಾಲ್ಕು ಕುಚ್ಚಲಕ್ಕಿ ಅಗುಳು ಅಲ್ಲೇ ಸುತ್ತುತ್ತಿವೆ, ಕೆಳಗೆ ಹೋಗುವ ಮನಸ್ಸೇ ಇಲ್ಲ.

ಚಿಕ್ಕಮ್ಮ (ಫೋನಿನಲ್ಲಿ): ಇವತ್ತೇ ಬನ್ನಿ ಮಾರಾಯ್ರೆ. ಮಧ್ಯಾಹ್ನ ಊಟಕ್ಕೆ ಎಂಟು ಜನ ಉಂಟು.

ಪ್ಲಂಬರ್: ನಾಳೆ ಖಂಡಿತ ಬರ್ತೇನೆ ಅಕ್ಕ.

ಚಿಕ್ಕಮ್ಮ: ನೀವು ಮೊನ್ನೆಯೂ ನಾಳೆಯೇ ಹೇಳಿದ್ದು.

ಶಾಟ್ 2 (8–17)

ಸಿಂಕಿನ ನೀರು ಪೂರ್ತಿ ಇಳಿದ ಮೇಲೆ ತೆಗೆಯಬೇಕು. ಮಗಳು ಒಂದು ಲೀಟರ್ ನೀರಿಗೆ ಅರಿಶಿನ ಕಲಸುತ್ತಾಳೆ. ಹಳದಿ ಇದ್ದರೆ ನೀರಿನ ಮಟ್ಟ ಚೆನ್ನಾಗಿ ಕಾಣುತ್ತದೆ.

ಮಗಳು: ಚಿಕ್ಕಮ್ಮ, ಎಷ್ಟು ಹೊತ್ತು ಹಿಡೀತದೆ ನೋಡುವ.

ಚೆಂಬು ಮಗುಚುತ್ತದೆ. ಮೊಬೈಲಿನ ಸ್ಟಾಪ್‌ವಾಚ್ ಸಿಂಕಿನ ಪಕ್ಕ, ಅದೇ ಫ್ರೇಮಿನಲ್ಲಿ. ವಿಡಿಯೋ ಓಡಿಸುತ್ತೇವೆ, ಆದರೆ ಗಡಿಯಾರವೂ ಜೊತೆಗೇ ಓಡುವುದು ಕಾಣಬೇಕು. ‘ವೇಗ ಹೆಚ್ಚಿಸಲಾಗಿದೆ’ ಅಂತ ಕನ್ನಡದಲ್ಲೇ ಬರಹ. 1 ನಿಮಿಷ 52 ಸೆಕೆಂಡಿಗೆ ನಿಲ್ಲುತ್ತದೆ. ಇದು ಟ್ರಯಲಿನಲ್ಲಿ ಬಂದ ಲೆಕ್ಕ. ಶೂಟಿನ ದಿನ ಬೇರೆ ಬಂದರೆ ಬಂದದ್ದನ್ನೇ ಹಾಕಿ.

ಚಿಕ್ಕಮ್ಮ: ಅಷ್ಟರಲ್ಲಿ ನಾಲ್ಕು ನೀರುದೋಸೆ ಆಗ್ತಿತ್ತು!

ಶಾಟ್ 3 (17–27)

ಮಗಳು ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸರಾಗ ಸುರಿಯುತ್ತಾಳೆ. ಮುಖ ಸಿಂಕಿನಿಂದ ದೂರ. ಕಿಟಕಿ ತೆರೆದಿರಲಿ. ಸಿಂಕಿನಲ್ಲಿ ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ತಾಗಿದರೆ ಅದು ನೊರೆ ಉಕ್ಕಿಸುತ್ತದೆ, ನೋಡುವವರು ಅದನ್ನೇ ಕ್ಲೀನ್ ಆಗುವುದು ಅಂದುಕೊಳ್ಳುತ್ತಾರೆ.

ಚಿಕ್ಕಮ್ಮ: ಇದರ ಜೊತೆಗೆ ಸ್ವಲ್ಪ ಟಾಯ್ಲೆಟ್ ಆಸಿಡ್ ಸಹ ಹಾಕುವನಾ? ಬೇಗ ಆಗ್ಲಿಕ್ಕೆ?

ಮಗಳು: ಅಯ್ಯೋ, ಬೇಡ! ಕುದಿದು ಮುಖಕ್ಕೆ ಸಿಡೀತದೆ. ಇದೊಂದೇ ಸಾಕು.

ಈ ಎರಡು ಸಾಲು ಕತ್ತರಿಸಬೇಡಿ, ಟೈಮ್ ಸಾಲದಿದ್ದರೆ ಮೊದಲು ನೀರುದೋಸೆ ತೆಗೆಯಿರಿ.

ಗೋಡೆ ಗಡಿಯಾರ 11:10ರಿಂದ 11:30ಕ್ಕೆ. ಬರಹ: ‘20 ನಿಮಿಷದ ನಂತರ’. ದಪ್ಪ ಅಕ್ಷರದಲ್ಲಿ, ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಅಲ್ಲ.

ಶಾಟ್ 4 (27–39)

ಜಾಹೀರಾತಿನ ಜೀವ ಇದು. ಒಂದೇ ಶಾಟ್, ನಡುವೆ ಕಟ್ ಇಲ್ಲ, ವೇಗ ಹೆಚ್ಚಿಸುವುದಿಲ್ಲ, ಮ್ಯೂಸಿಕ್ ಕೂಡ ಬೇಡ. ಅದೇ ಸಿಂಕ್, ಅದೇ ಚೆಂಬು, ಅದೇ ಒಂದು ಲೀಟರ್ ಅರಿಶಿನ ನೀರು. ಕ್ಯಾಮೆರಾ ಶಾಟ್ 2ರಲ್ಲಿ ಇದ್ದಲ್ಲೇ.

ಒಂದು ಎಚ್ಚರಿಕೆ. ಮೊದಲು ಎರಡು ಬಕೆಟ್ ನೀರು ಹಾಕಿ ಪೈಪ್ ಚೆನ್ನಾಗಿ ತೊಳೆಯಿರಿ. ಟ್ರಯಲಿನಲ್ಲಿ ಮರೆತೆವು. ಉಳಿದ ಕಾಸ್ಟಿಕ್ ತಾಗಿ ಅರಿಶಿನ ನೀರು ಕೆಂಪಾಯಿತು, ಸುಣ್ಣ ಹಾಕಿದ ಓಕುಳಿಯ ಹಾಗೆ. ಕ್ಯಾಮೆರಾದವರು ಆರತಿ ಎತ್ತಲಿಕ್ಕೆ ಯಾರು ಅಂತ ಕೇಳಿದರು. ನಗು ಬಂತು, ಆದರೆ ಆ ಕೆಂಪು ಕಂಡರೆ ಜನ ಹೆದರುತ್ತಾರೆ, ಅಲ್ವಾ? ತೊಳೆದ ನಂತರ ಹಳದಿ ಹಳದಿಯಾಗಿಯೇ ಉಳಿದರೆ ಕಾಸ್ಟಿಕ್ ಹೋಗಿದೆ ಅಂತ ನಮಗೂ ಗೊತ್ತಾಗುತ್ತದೆ.

ಚೆಂಬು ಮಗುಚುತ್ತದೆ.

ಮಗಳು: ಒಂದು... ಎರಡು... ಮೂರು...

ನೀರಿನ ನಡುವೆ ಸುಳಿ. ಚಿಕ್ಕಮ್ಮ ಬಗ್ಗಿ ನೋಡುತ್ತಾರೆ. ಎಣಿಕೆ ನಡೆಯುತ್ತಲೇ ಇದೆ. ‘ಒಂಬತ್ತು’ ಅನ್ನುವಾಗ ಕೊನೆಯ ಹನಿ, ಆಮೇಲೆ ಪೈಪಿನಿಂದ ‘ಗೊಳಕ್’. ಆ ಸದ್ದು ನಿಜದ್ದೇ ಇರಲಿ.

ಚಿಕ್ಕಮ್ಮ: ಹೋಯ್ತಾ?

ಮಗಳು: ಹೋಯ್ತು.

ಶಾಟ್ 5 (39–45)

ಎಡಗಡೆ ‘ಮೊದಲು: 1 ನಿಮಿಷ 52 ಸೆಕೆಂಡ್’, ಬಲಗಡೆ ‘ನಂತರ: 9 ಸೆಕೆಂಡ್’. ಕೆಳಗೆ ಬಾಟ್ಲಿ. ಅದರಡಿ: ‘ಜಿಡ್ಡು ಕಟ್ಟಿದ ಸಿಂಕಿನಲ್ಲಿ ಮಾಡಿದ ಪರೀಕ್ಷೆ. ಬೇರೆ ಕ್ಲೀನರ್ ಜೊತೆ ಬೆರೆಸಬೇಡಿ. ಮಕ್ಕಳಿಂದ ದೂರ ಇಡಿ.’

ಹಿನ್ನೆಲೆ ದನಿ: ಸರಾಗ. 20 ನಿಮಿಷ ಬಿಡಿ, 9 ಸೆಕೆಂಡಲ್ಲಿ ನೋಡಿ.

ಫೋನ್ ರಿಂಗಾಗುತ್ತದೆ.

ಪ್ಲಂಬರ್: ಅಕ್ಕ, ನಾನು ಹೊರಟೆ.

ಚಿಕ್ಕಮ್ಮ: ಬನ್ನಿ ಬನ್ನಿ. ಕೋರಿ ರೊಟ್ಟಿ ಉಂಟು.